ಗುಂಪಿನಲ್ಲಿ ಗೆಳೆಯ ಮಾಡಿದ ತಮಾಷೆ ನೋಯಿಸಿದೆ, ಅವನಿಗೆ ಬರೆದ ಸಂದೇಶವನ್ನು ತಿದ್ದಿಕೊಡಿ

ರೇಷ್ಮೆಗೂಡು

ನಾನು ಮಳವಳ್ಳಿ ಕಡೆಯ ರೈತ. ಹಿಪ್ಪುನೇರಳೆ ತೋಟವಿದೆ, ರೇಷ್ಮೆ ಹುಳು ಸಾಕುತ್ತೇನೆ. ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ಜೊತೆಗಿದ್ದವರ ವಾಟ್ಸ್ಆ್ಯಪ್ ಗುಂಪೊಂದಿದೆ. 26 ಜನ. ಹೆಚ್ಚಿನವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಮದುವೆಯಾಗಿದ್ದಾರೆ. ನನಗೆ ವಯಸ್ಸು 34, ಇನ್ನೂ ಮದುವೆಯಾಗಿಲ್ಲ.

ನಿನ್ನೆ ಗೆಳೆಯನೊಬ್ಬ ಮಗಳ ನಾಮಕರಣದ ಆಮಂತ್ರಣವನ್ನು ಗುಂಪಿಗೆ ಹಾಕಿದ. ಅದರ ಕೆಳಗೆ ನನಗೆ ತೀರಾ ಹತ್ತಿರದ ಗೆಳೆಯ ಹೀಗೆ ಬರೆದ: ‘ಎಲ್ಲರ ಮನೆಗೂ ತೊಟ್ಟಿಲು ಬಂತು. ನಮ್ಮ ರೇಷ್ಮೆ ರೈತನಿಗೆ ಮಾತ್ರ ಹುಳುಗಳ ಸಂಸಾರವೇ ಗತಿ. ಕನಕಪುರದವರೂ ಹಳ್ಳಿ ಹುಡುಗ ಬೇಡ ಎಂದರಂತೆ. ಈ ಸಲ ಇವನನ್ನು ಮಾದಪ್ಪನ ಬೆಟ್ಟಕ್ಕೆ ನಡೆಸಿಯೇ ಬಿಡೋಣ.’ ನಗುವ ಮುಖಗಳು ಒಂದರ ಹಿಂದೊಂದು ಬಂದವು. ನಾನೂ ಒಂದು ನಗುವ ಮುಖ ಹಾಕಿ ಮೊಬೈಲನ್ನು ಪಕ್ಕಕ್ಕಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ.

ಕನಕಪುರದ ಸಂಬಂಧ ಮುರಿದದ್ದು ಮನೆಯವರನ್ನು ಬಿಟ್ಟರೆ ಅವನೊಬ್ಬನಿಗೆ ಗೊತ್ತಿತ್ತು. ನಾನೇ ಫೋನ್ ಮಾಡಿ ಹೇಳಿಕೊಂಡಿದ್ದೆ.

ಅವನಿಗೆ ಕಳಿಸಬೇಕೆಂದು ಬರೆದದ್ದು ಇದು, ಇನ್ನೂ ಕಳಿಸಿಲ್ಲ:

‘ನೀನು ಗುಂಪಿನಲ್ಲಿ ಹಾಕಿದ್ದನ್ನು ನೋಡಿದೆ. ಇಷ್ಟು ವರ್ಷದ ಸ್ನೇಹಕ್ಕೆ ನೀನು ಕೊಟ್ಟ ಬೆಲೆ ಇದು ಎಂದು ಗೊತ್ತಾಯಿತು. ನೀನು ಯಾವಾಗಲೂ ಹೀಗೆಯೇ. ಬೆಂಗಳೂರು ಸೇರಿದ ಮೇಲೆ ಹಳ್ಳಿಯವರೆಂದರೆ ನಿನಗೆ ಆಟದ ವಸ್ತು. ನಂಬಿ ಹೇಳಿದ ಮಾತನ್ನು ಬೀದಿಗೆ ತಂದೆ. ನಿನ್ನ ತಂಗಿಯ ಮದುವೆಯಲ್ಲಿ ನಾನು ಎಷ್ಟು ಓಡಾಡಿದ್ದೆ ಎಂಬುದನ್ನು ಒಮ್ಮೆ ನೆನಪಿಸಿಕೋ. ಇನ್ನು ಮುಂದೆ ನನ್ನ ವಿಷಯಕ್ಕೆ ಬರಬೇಡ. ನಾನು ಗುಂಪಿನಿಂದ ಹೊರಗೆ ಹೋಗುತ್ತಿದ್ದೇನೆ. ಎಲ್ಲರಿಗೂ ಒಳ್ಳೆಯದಾಗಲಿ.’

ಇದನ್ನು ಕಳಿಸಿದರೆ ಸ್ನೇಹ ಉಳಿಯುವುದಿಲ್ಲ. ಸುಮ್ಮನಿದ್ದರೂ ಉಳಿಯುವುದಿಲ್ಲ, ಏಕೆಂದರೆ ಅವನಿಗೆ ಮತ್ತೆ ಏನನ್ನೂ ಹೇಳಿಕೊಳ್ಳಲು ನನಗೆ ಮನಸ್ಸು ಬಾರದು. ನಾಟಕ ಮಾಡದೆ ನಿಜವನ್ನು ಹೇಳುವುದು ಹೇಗೆ?

ನೇರನುಡಿ

ಇಂತಹ ವಿಷಯವನ್ನು ಬರೆದು ಕಳಿಸಲೇಬಾರದು. ಫೋನ್ ಮಾಡಿ, ಅದಕ್ಕಿಂತ ಒಳ್ಳೆಯದೆಂದರೆ ಎದುರು ಕುಳಿತು ಮಾತನಾಡಿ. ಬರಹದಲ್ಲಿ ದನಿ ಇರುವುದಿಲ್ಲ. ನೀವು ಮೆತ್ತಗೆ ಹೇಳಿದರೂ ಅವನು ಗಡುಸಾಗಿ ಓದಿಕೊಳ್ಳುತ್ತಾನೆ. ಗಂಡಸರ ಸ್ನೇಹದಲ್ಲಿ ಹತ್ತು ನಿಮಿಷದ ಮಾತಿನಲ್ಲಿ ಮುಗಿಯುವುದನ್ನು ಸಂದೇಶ ಬರೆದು ತಿಂಗಳುಗಟ್ಟಲೆ ಎಳೆಯುವುದನ್ನು ನೋಡಿದ್ದೇನೆ.

ಅಡಿಕೆತೋಟ

ತಮ್ಮಾ, ನಿನ್ನ ಬರಹ ಓದಿ ಮನಸ್ಸಿಗೆ ಕಷ್ಟವಾಯಿತು. ನಮ್ಮ ತೀರ್ಥಹಳ್ಳಿ ಕಡೆಯೂ ಇದೇ ಕಥೆ. ತೋಟ, ಮನೆ, ಕಾರು ಎಲ್ಲ ಇದ್ದರೂ ಊರಿನಲ್ಲಿರುವ ಹುಡುಗ ಎಂದರೆ ಮಾತು ಮುಂದುವರಿಯುವುದಿಲ್ಲ. ನನ್ನ ಅಣ್ಣನ ಮಗನಿಗೆ ಕೊನೆಗೆ ಉತ್ತರ ಕರ್ನಾಟಕದ ಕಡೆಯಿಂದ ಸಂಬಂಧ ಬಂತು, ಈಗ ಚೆನ್ನಾಗಿದ್ದಾರೆ. ನಿನ್ನ ಜಾತಕ, ಜಮೀನಿನ ವಿವರ ಕಳಿಸು. ಇಬ್ಬರು ಮೂವರು ಪರಿಚಯದವರಲ್ಲಿ ವಿಚಾರಿಸುತ್ತೇನೆ. ಗೆಳೆಯನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ರೇಷ್ಮೆಗೂಡು

ಅಣ್ಣಾ, ನಿಮ್ಮ ಕಾಳಜಿಗೆ ವಂದನೆ. ಆದರೆ ನಾನು ಇಲ್ಲಿ ಕೇಳಿದ್ದು ಹೆಣ್ಣಿನ ವಿಷಯವಲ್ಲ, ಗೆಳೆಯನಿಗೆ ಏನು ಬರೆಯಲಿ ಎಂದು.

ನೇರನುಡಿಯವರೇ, ಫೋನ್ ಮಾಡಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿದೆ. ಅವನು ಮೊದಲ ಮಾತಿಗೇ ನಗಿಸಿಬಿಡುತ್ತಾನೆ. ನಾನು ‘ಏನಿಲ್ಲ ಬಿಡು, ಹುಳು ಹೇಗಿದೆ ಎಂದು ಕೇಳು’ ಎಂದು ಮಾತು ತಿರುಗಿಸುತ್ತೇನೆ. ಹಾಗೆ ಆದದ್ದೂ ಇದೆ. ಈಗ ಎದುರು ಹೋಗಿ ಕೂರಲೂ ಆಗುವುದಿಲ್ಲ. ಹುಳು ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ಹಂತದಿಂದ ಎದ್ದಿದೆ, ಹಗಲು ರಾತ್ರಿ ಸೊಪ್ಪು ಹಾಕಬೇಕು.

ಮಾತುಕತೆ_ಮೈಸೂರು

ಕಾಲೇಜೊಂದರಲ್ಲಿ ಆಪ್ತಸಮಾಲೋಚಕಿಯಾಗಿ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದೇನೆ. ವಾಟ್ಸ್ಆ್ಯಪ್ ಗುಂಪಿನ ಜಗಳ ಇಲ್ಲದ ವಾರವೇ ನನಗಿಲ್ಲ.

ನೇರನುಡಿಯವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಬರಹದಲ್ಲಿ ದನಿ ಕಳೆದುಹೋಗುತ್ತದೆ ಎಂಬುದನ್ನು ಕ್ರೂಗರ್, ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದ್ದರು. ಇಮೇಲಿನಲ್ಲಿ ಬರೆದ ವ್ಯಂಗ್ಯವನ್ನು ಓದುವವರು ಸುಲಭವಾಗಿ ಗುರುತಿಸುತ್ತಾರೆ ಎಂದು ಬರೆದವರು ನಂಬಿದ್ದರು. ಓದಿದವರ ಊಹೆ ಸರಿಯಾದದ್ದು ಸುಮಾರು ಅರ್ಧದಷ್ಟು ಸಲ ಮಾತ್ರ. ಅದೇ ವಾಕ್ಯಗಳನ್ನು ದನಿಯಲ್ಲಿ ಕೇಳಿದವರು ಹೆಚ್ಚು ಸರಿಯಾಗಿ ಗುರುತಿಸಿದರು. ನಿಮ್ಮ ಗೆಳೆಯ ಆ ಸಾಲುಗಳನ್ನು ಬರೆಯುವಾಗ ಅವನ ಕಿವಿಯಲ್ಲಿ ಅವನದೇ ನಗುವಿನ ದನಿ ಇತ್ತು. ನಿಮಗೆ ತಲುಪಿದ್ದು ಅಕ್ಷರ ಮಾತ್ರ.

ಆದರೆ ಎದುರು ಕೂತರೆ ಮಾತು ನುಂಗುವವರಿಗೆ ಬರಹವೇ ಸರಿ. ಮಾತು ತಿರುಗಿಸುವ ಅಭ್ಯಾಸವಿರುವವರು ಮೊದಲು ನಾಲ್ಕು ಸಾಲು ಬರೆದು ಕಳಿಸಿ, ಆಮೇಲೆ ಫೋನಿನಲ್ಲಿ ಮಾತನಾಡುವುದು ಒಳ್ಳೆಯದು. ಆಗ ವಿಷಯ ಏನೆಂಬುದು ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ.

ತಿದ್ದುವ ಮೊದಲು ಒಂದು ಪ್ರಶ್ನೆ. ಆ ತಮಾಷೆಯಲ್ಲಿ ನಾಲ್ಕು ವಾಕ್ಯಗಳಿವೆ. ತೊಟ್ಟಿಲು, ಹುಳುಗಳ ಸಂಸಾರ, ಕನಕಪುರ, ಮಾದಪ್ಪನ ಬೆಟ್ಟ. ಕನಕಪುರದ ವಾಕ್ಯವನ್ನು ಕೈಯಿಂದ ಮುಚ್ಚಿಕೊಂಡು ಉಳಿದ ಮೂರನ್ನು ಓದಿ. ಆಗಲೂ ರಾತ್ರಿ ನಿದ್ದೆ ಕೆಡುತ್ತಿತ್ತೇ?

ರೇಷ್ಮೆಗೂಡು

ಓದಿದೆ. ಇಲ್ಲ, ಕೆಡುತ್ತಿರಲಿಲ್ಲ. ಚುಚ್ಚಿದರೂ ಬೆಳಿಗ್ಗೆಗೆ ಮರೆಯುತ್ತಿದ್ದೆ. ಹುಳುಗಳ ತಮಾಷೆ ನಾನು ಊರಿಗೆ ಬಂದ ದಿನದಿಂದಲೂ ಇದೆ. ನನಗೆ ತಡೆಯಲಾಗದೇ ಹೋದದ್ದು ಕನಕಪುರದ ಸಾಲು. ಅವರು ಬೇಡ ಎಂದದ್ದಕ್ಕಿಂತ ‘ಹಳ್ಳಿ ಹುಡುಗ’ ಎಂದು ಅವರು ಬಳಸಿದ ಮಾತನ್ನೇ ಅವನು ಎತ್ತಿ ಹಾಕಿದ. ಆ ಮಾತನ್ನು ಅವನಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತ್ತು.

ಮಾತುಕತೆ_ಮೈಸೂರು

ಹಾಗಿದ್ದರೆ ನಿಮ್ಮ ದೂರು ತಮಾಷೆಯ ಮೇಲೆ ಅಲ್ಲ, ಗುಟ್ಟು ಹೊರಬಿದ್ದದ್ದರ ಮೇಲೆ. ನಿಮ್ಮ ಕರಡಿನಲ್ಲಿ ಒಂಬತ್ತು ವಾಕ್ಯಗಳಿವೆ. ಅವುಗಳಲ್ಲಿ ಇದನ್ನು ಹೇಳುವ ವಾಕ್ಯ ಒಂದೇ: ‘ನಂಬಿ ಹೇಳಿದ ಮಾತನ್ನು ಬೀದಿಗೆ ತಂದೆ.’ ಅದು ನಡುವೆ ಹೂತುಹೋಗಿದೆ. ಓದುವವನು ಮಿಕ್ಕದ್ದಕ್ಕೆ ಉತ್ತರ ಕೊಡಲು ಹೊರಡುತ್ತಾನೆ. ‘ನೀನು ಯಾವಾಗಲೂ ಹೀಗೆಯೇ’ ಎಂದರೆ, ಹಾಗಲ್ಲದ ನಾಲ್ಕು ಸಂದರ್ಭಗಳನ್ನು ಅವನು ತೆಗೆದು ತೋರಿಸುತ್ತಾನೆ. ಅವು ನಿಜವೂ ಆಗಿರುತ್ತವೆ. ‘ಹಳ್ಳಿಯವರೆಂದರೆ ಆಟದ ವಸ್ತು’ ಎಂದರೆ, ತನ್ನ ಅಪ್ಪನೂ ಹಳ್ಳಿಯವನೇ ಎಂದು ಜಗಳಕ್ಕೆ ನಿಲ್ಲುತ್ತಾನೆ. ತಂಗಿಯ ಮದುವೆಯ ಮಾತು ಬಂದರಂತೂ ಮುಗಿಯಿತು, ನೀವು ಮಾಡಿದ ಸಹಾಯಕ್ಕೆ ಲೆಕ್ಕ ಇಟ್ಟುಕೊಂಡಿದ್ದಿರಿ ಎಂದಾಗುತ್ತದೆ. ಕೊನೆಗೆ ಗುಂಪು ಬಿಡುವ ಬೆದರಿಕೆ. ಅದನ್ನು ಓದಿದ ಮೇಲೆ ಅವನು ಯೋಚಿಸುವುದು ಕನಕಪುರದ ಸಾಲಿನ ಬಗ್ಗೆ ಅಲ್ಲ, ಉಳಿದವರಿಗೆ ಏನು ಹೇಳಲಿ ಎಂಬ ಬಗ್ಗೆ.

ಇವೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ನಿಮಗೆ ಹಾಗೆ ಅನಿಸಿರಬಹುದು. ಆದರೆ ಅವು ಅವನ ಸ್ವಭಾವದ ಬಗೆಗಿನ ತೀರ್ಪುಗಳು. ಆದದ್ದು ಏನು, ಅದರಿಂದ ನಿಮಗೇನಾಯಿತು, ಈಗ ಏನು ಬೇಕು, ಈ ಮೂರನ್ನು ಮಾತ್ರ ಬರೆದು ನೋಡಿ.

ಹಂಪಿಯವಳು

ನನ್ನದೂ ಇಂತಹದೇ ಒಂದು. ಬೆಂಗಳೂರಿನ ಕಚೇರಿಯ ಗುಂಪಿನಲ್ಲಿ ನನ್ನ ಕನ್ನಡವನ್ನು ಅಣಕಿಸಿ ಒಬ್ಬರು ಧ್ವನಿ ಸಂದೇಶ ಹಾಕಿದ್ದರು. ನಾನು ಅಲ್ಲಿಯೇ, ಎಲ್ಲರ ಮುಂದೆ, ‘ಇದು ನನಗೆ ಹಿಡಿಸಲಿಲ್ಲ, ದಯವಿಟ್ಟು ಬೇಡ’ ಎಂದು ಬರೆದೆ. ಅಷ್ಟೇ ಬರೆದದ್ದು. ಗುಂಪು ಎರಡು ದಿನ ಮೌನವಾಯಿತು. ಆಮೇಲೆ ನಾನಿಲ್ಲದ ಇನ್ನೊಂದು ಗುಂಪು ಶುರುವಾಯಿತೆಂದು ತಿಳಿಯಿತು. ಆದರೂ ನಾನು ಬರೆದದ್ದು ಸರಿ ಎಂದೇ ಈಗಲೂ ನನ್ನ ಭಾವನೆ. ಎಲ್ಲರ ಮುಂದೆ ಅವಮಾನ ಮಾಡಿ, ಗುಟ್ಟಾಗಿ ಕ್ಷಮೆ ಕೇಳುವುದು ಯಾವ ನ್ಯಾಯ? ನೀವೂ ಗುಂಪಿನಲ್ಲಿಯೇ ಉತ್ತರಿಸಬೇಕು.

ಮಾತುಕತೆ_ಮೈಸೂರು

ಹಂಪಿಯವಳೇ, ನಿಮ್ಮದು ಕಚೇರಿ. ಅಲ್ಲಿ ಅಣಕಿಸಿದವರು ನಿಮಗೆ ಆಪ್ತರಲ್ಲ, ಇಂಥದ್ದು ನಡೆಯುವುದಿಲ್ಲ ಎಂದು ಎಲ್ಲರಿಗೂ ತಿಳಿಯಬೇಕಿತ್ತು. ನೀವು ಮಾಡಿದ್ದು ಸರಿ. ಇಲ್ಲಿ ಗುಂಪಿನಲ್ಲಿ ಬರೆದರೆ ಕನಕಪುರದ ಸಾಲನ್ನು ಗಮನಿಸದೆ ಮುಂದೆ ಹೋದವರೂ ಹಿಂದಕ್ಕೆ ಹೋಗಿ ಓದುತ್ತಾರೆ. ಇವರು ಮುಚ್ಚಬೇಕೆಂದಿರುವುದು ಅದನ್ನೇ. ಜೊತೆಗೆ 25 ಜನ ನೋಡುತ್ತಿರುವಾಗ ಗೆಳೆಯ ತಪ್ಪು ಒಪ್ಪಿಕೊಳ್ಳುವ ಸಾಧ್ಯತೆ ಕಡಿಮೆ. ಇನ್ನೊಂದು ತಮಾಷೆ ಮಾಡಿ ಪಾರಾಗುವ ಸಾಧ್ಯತೆ ಹೆಚ್ಚು.

ಕಾವೇರಿಪಾತ್ರ

ಎಲ್ಲರೂ ಆ ಗೆಳೆಯನಿಗೆ ನೋವಾಗದಂತೆ ಹೇಗೆ ಬರೆಯಬೇಕೆಂದು ಯೋಚಿಸುತ್ತಿದ್ದೀರಿ. ನೋವಾದದ್ದು ಯಾರಿಗೆ? ಗುಟ್ಟನ್ನು ಬಿಟ್ಟುಕೊಟ್ಟವನಿಗೆ ಬಿಸಿ ತಟ್ಟಲಿ. ನನ್ನ ಪ್ರಕಾರ ಮೊದಲ ಕರಡಿನಲ್ಲಿ ತಂಗಿಯ ಮದುವೆಯ ಮಾತನ್ನು ಮಾತ್ರ ತೆಗೆದು ಉಳಿದದ್ದನ್ನು ಹಾಗೆಯೇ ಕಳಿಸಬೇಕು.

ರೇಷ್ಮೆಗೂಡು

ಕಾವೇರಿಪಾತ್ರರೇ, ನನಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ಅವನಿಗೆ ಬಿಸಿ ತಟ್ಟಿದರೆ ನನಗೆ ಸಿಗುವುದೇನೂ ಇಲ್ಲ. ನನಗೆ ಬೇಕಾಗಿರುವುದು ಎರಡು. ಆ ಸಾಲು ಗುಂಪಿನಿಂದ ಹೋಗಬೇಕು. ಮುಂದೆ ನಾನು ಅವನಿಗೆ ಹೇಳಿದ್ದು ಅವನಲ್ಲಿಯೇ ಇರಬೇಕು. ಎರಡನೆಯ ಕರಡು ಬರೆದಿದ್ದೇನೆ:

‘ಏನಿಲ್ಲ, ಒಂದು ಸಣ್ಣ ವಿಷಯ, ತಪ್ಪು ತಿಳಿಯಬೇಡ. ನೀನು ತಮಾಷೆಗೆ ಹೇಳಿದ್ದು ಎಂದು ಗೊತ್ತು. ನನ್ನ ಸ್ವಭಾವವೇ ಸ್ವಲ್ಪ ಸೂಕ್ಷ್ಮ. ಆದರೂ ನಿನ್ನೆ ಹಾಕಿದ್ದು ಸ್ವಲ್ಪ ಹೇಗೋ ಅನಿಸಿತು. ಸಾಧ್ಯವಾದರೆ ಮುಂದೆ ನೋಡಿಕೊಂಡು ಹಾಕು. ಬೇಜಾರು ಮಾಡಿಕೊಳ್ಳಬೇಡ.’ ಕೊನೆಗೆ ಒಂದು ನಗುವ ಮುಖ.

ಮಾತುಕತೆ_ಮೈಸೂರು

ಇದು ಮೊದಲನೆಯದಕ್ಕಿಂತ ಸಭ್ಯವಾಗಿದೆ, ಆದರೆ ಅದಕ್ಕಿಂತ ಕಡಿಮೆ ಪ್ರಾಮಾಣಿಕವಾಗಿದೆ. ಇದನ್ನು ಓದಿದವನಿಗೆ ಯಾವ ಸಾಲು ಎಂದು ಗೊತ್ತಾಗುವುದಿಲ್ಲ. ಹುಳುಗಳ ತಮಾಷೆ ಇರಬೇಕೆಂದುಕೊಂಡು ಅದನ್ನು ನಿಲ್ಲಿಸುತ್ತಾನೆ. ಗುಟ್ಟಿನ ವಿಷಯ ಅವನ ತಲೆಗೆ ಹೋಗುವುದೇ ಇಲ್ಲ. ‘ನನ್ನ ಸ್ವಭಾವವೇ ಸೂಕ್ಷ್ಮ’ ಎಂದು ಬರೆದರೆ ತಪ್ಪು ನಿಮ್ಮದೇ ಎಂದು ನೀವೇ ಒಪ್ಪಿಕೊಟ್ಟಂತೆ. ನಂಬಿ ಹೇಳಿದ ಮಾತು ಗುಂಪಿಗೆ ಬಂದರೆ ಯಾರಿಗಾದರೂ ನೋವಾಗುತ್ತದೆ, ಅದಕ್ಕೆ ವಿಶೇಷ ಸೂಕ್ಷ್ಮತೆ ಬೇಕಾಗಿಲ್ಲ. ಕೊನೆಯ ನಗುವ ಮುಖ ಮೇಲಿನದ್ದನ್ನೆಲ್ಲ ಅಳಿಸಿಹಾಕುತ್ತದೆ. ನಿನ್ನೆ ಗುಂಪಿನಲ್ಲಿಯೂ ನೀವು ಅದನ್ನೇ ಹಾಕಿದ್ದಿರಿ. ಅವನು ನೋಡಿದ್ದು ನಗುವನ್ನು. ನಿಮಗೆ ನೋವಾಗಿದೆ ಎಂಬ ಸುಳಿವೇ ಅವನಿಗೆ ಇಲ್ಲದಿರಬಹುದು, ಇದನ್ನೂ ನೆನಪಿಡಿ.

ಥಾಮಸ್ ಗಾರ್ಡನ್ ಎಂಬ ಮನಶ್ಶಾಸ್ತ್ರಜ್ಞರು ತಂದೆತಾಯಿಗಳಿಗೆ ಕಲಿಸುತ್ತಿದ್ದ ಒಂದು ಕ್ರಮವಿದೆ. ದೂರುವಾಗ ‘ನೀನು’ ಎಂದು ಶುರುಮಾಡದೆ ‘ನನಗೆ’ ಎಂದು ಶುರುಮಾಡುವುದು. ಕನ್ನಡದಲ್ಲಿ ಇದು ಸಹಜವಾಗಿಯೇ ಬರುತ್ತದೆ, ‘ನನಗೆ ನೋವಾಯಿತು’ ಎನ್ನುತ್ತೇವೆ. ಆದರೆ ಅದರಲ್ಲೂ ಮೋಸ ಹೋಗುವುದುಂಟು. ‘ನೀನು ಸ್ವಾರ್ಥಿ ಎಂದು ನನಗೆ ಅನಿಸುತ್ತದೆ’ ಎಂಬುದು ‘ನನಗೆ’ ಸೇರಿಸಿದ ಬೈಗುಳ, ಅಷ್ಟೇ.

ರೇಷ್ಮೆಗೂಡು

ಮೂರನೆಯದು:

‘ನಿನ್ನೆ ನಾಮಕರಣದ ಆಮಂತ್ರಣದ ಕೆಳಗೆ ಕನಕಪುರದವರು ಬೇಡ ಎಂದ ವಿಷಯ ಬರೆದೆಯಲ್ಲ, ಅದನ್ನು ಓದಿ ನನಗೆ ನೋವಾಯಿತು. ಹುಳುಗಳ ತಮಾಷೆ ಮಾಡು, ಬೆಟ್ಟಕ್ಕೆ ನಡೆಸುವ ತಮಾಷೆಯೂ ಮಾಡು, ನಾನೂ ನಗುತ್ತೇನೆ. ಆದರೆ ಆ ಸಂಬಂಧದ ವಿಷಯವನ್ನು ನಿನ್ನೊಬ್ಬನಿಗೆ ಮಾತ್ರ ಹೇಳಿದ್ದೆ. ಆ ಸಂದೇಶವನ್ನು ಅಳಿಸಿಬಿಡು. ಇನ್ನು ಮುಂದೆ ನಾನು ಹೇಳಿದ ಮನೆಯ ವಿಷಯವನ್ನು ಗುಂಪಿಗೆ ತರಬೇಡ.’

ದೋಹಾದಲ್ಲಿರುವವ

ತುಂಬ ಒಳ್ಳೆಯದಾಗಿದೆ. ಒಂದೇ ಒಂದು ಕಡೆ ನನಗೆ ತಡೆಯಾಯಿತು. ‘ಬೆಟ್ಟಕ್ಕೆ ನಡೆಸುವ ತಮಾಷೆಯೂ ಮಾಡು, ನಾನೂ ನಗುತ್ತೇನೆ.’ ಇದು ನಿಜವೇ? ನಾನು ಮಂಡ್ಯದವನು. 2023ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲಿ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿತ್ತು. ಇಲ್ಲಿನ ನನ್ನ ಕೊಠಡಿಯಲ್ಲಿದ್ದವರು ನಕ್ಕರು, ನನಗೆ ನಗು ಬರಲಿಲ್ಲ. ಹೋದವರ ಕಷ್ಟ ನಿಜವಾದದ್ದು. ನಿಮಗೆ ನಗು ಬರುವುದಾದರೆ ಬರೆಯಿರಿ. ಮಾತು ಮೆತ್ತಗಾಗಲಿ ಎಂದು ಮಾತ್ರ ಬರೆದಿದ್ದರೆ ತೆಗೆಯಿರಿ. ಇಂದು ಅನುಮತಿ ಕೊಟ್ಟು ಆರು ತಿಂಗಳ ಮೇಲೆ ಅದೇ ತಮಾಷೆಗೆ ಸಿಟ್ಟು ಮಾಡಿಕೊಂಡರೆ ಅವನಿಗೆ ನಿಮ್ಮ ಮಾತಿನ ಮೇಲೆ ನಂಬಿಕೆ ಇರುವುದಿಲ್ಲ.

ರೇಷ್ಮೆಗೂಡು

ನೀವು ಹೇಳಿದ್ದು ಸರಿ. ಮೆತ್ತಗಾಗಲಿ ಎಂದೇ ಬರೆದೆ. ಆ ಪಾದಯಾತ್ರೆಯ ತಮಾಷೆಗೆ ನನಗೆ ನಗು ಬರುವುದಿಲ್ಲ, ಬರುವಂತೆ ನಟಿಸುತ್ತೇನೆ. ಹುಳುಗಳದ್ದು ಮಾತ್ರ ನಿಜವಾಗಿಯೂ ತೊಂದರೆಯಿಲ್ಲ. ಹಾಗಾದರೆ ಬೆಟ್ಟದ ತಮಾಷೆಯೂ ಬೇಡ ಎಂದು ಸೇರಿಸಲೇ?

ಮಾತುಕತೆ_ಮೈಸೂರು

ಈ ಸಂದೇಶದಲ್ಲಿ ಬೇಡ. ಎರಡು ದೂರು ಹೇಳಿದರೆ ಚಿಕ್ಕದಕ್ಕೆ ಮಾತ್ರ ಉತ್ತರ ಬರುತ್ತದೆ. ‘ಹುಳುಗಳ ತಮಾಷೆಗೆ ನನ್ನ ತಕರಾರಿಲ್ಲ’ ಎಂದಷ್ಟೇ ಬರೆಯಿರಿ. ಬೆಟ್ಟದ ಬಗ್ಗೆ ಅನುಮತಿಯೂ ಇಲ್ಲ, ನಿಷೇಧವೂ ಇಲ್ಲ. ಮುಂದೆ ಫೋನಿನಲ್ಲಿ ಮಾತು ಬಂದಾಗ ಹೇಳಬಹುದು.

ಇನ್ನು ಕಳಿಸುವ ಬಗ್ಗೆ. ಕರಡನ್ನು ಅವನ ಚಾಟ್ ತೆರೆದು ಬರೆಯಬೇಡಿ, ಗುಂಪಿನಲ್ಲಂತೂ ಬೇಡವೇ ಬೇಡ. ವಾಟ್ಸ್ಆ್ಯಪಿನಲ್ಲಿ ನಿಮಗೆ ನೀವೇ ಸಂದೇಶ ಕಳಿಸಿಕೊಳ್ಳುವ ಅವಕಾಶವಿದೆ, ಅಲ್ಲಿ ಬರೆದು ಒಮ್ಮೆ ಗಟ್ಟಿಯಾಗಿ ಓದಿ. ಕಳಿಸುವಾಗ ಗುಂಪಿನಲ್ಲಿರುವ ಅವನ ಸಂದೇಶವನ್ನು ಒತ್ತಿ ಹಿಡಿದು, ಖಾಸಗಿಯಾಗಿ ಉತ್ತರಿಸುವ ಆಯ್ಕೆಯನ್ನು ಆರಿಸಿ. ಆಗ ಅವನ ಮಾತು ಮೇಲೆ, ನಿಮ್ಮದು ಕೆಳಗೆ ಬರುತ್ತದೆ, ‘ನಾನು ಹಾಗೆಲ್ಲಿ ಬರೆದೆ’ ಎಂಬ ವಾದ ಏಳುವುದಿಲ್ಲ. ಕಳಿಸುವ ಗುಂಡಿ ಒತ್ತುವ ಮುಂಚೆ ಮೇಲಿರುವ ಹೆಸರು ಅವನದೇ ಎಂದು ನೋಡಿಕೊಳ್ಳಿ.

ಸಿಟ್ಟು ಇಳಿಯಲಿ ಎಂದು ಒಂದು ರಾತ್ರಿ ಕಾಯುವುದು ಒಳ್ಳೆಯದೇ, ನೀವು ಕಾದಿದ್ದೀರಿ. ಆದರೆ ಇನ್ನು ತಡಮಾಡಬೇಡಿ. ಎಲ್ಲರಿಗೂ ಕಾಣದಂತೆ ಸಂದೇಶ ಅಳಿಸಲು ಅವನಿಗಿರುವ ಕಾಲಾವಕಾಶ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅದು ಮೀರಿದರೆ ಅವನಿಗೆ ಮನಸ್ಸಿದ್ದರೂ ಆಗುವುದಿಲ್ಲ.

ನೇರನುಡಿ

ನಾನು ಇನ್ನೂ ಒಪ್ಪುವುದಿಲ್ಲ, ಆದರೆ ಬರೆಯುವುದೇ ಆದರೆ ಫೋನ್ ಮಾಡು ಎಂಬ ಒಂದು ಸಾಲಾದರೂ ಕೊನೆಗೆ ಇರಲಿ. ಇಲ್ಲದಿದ್ದರೆ ಅದು ಕಚೇರಿಯ ನೋಟಿಸಿನ ಹಾಗೆ ಕಾಣುತ್ತದೆ.

ಮಾತುಕತೆ_ಮೈಸೂರು

ಇದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಜೊತೆಗೆ ಒಂದು ಸಿದ್ಧತೆ. ಅವನ ಮೊದಲ ಉತ್ತರ ಹೆಚ್ಚುಕಡಿಮೆ ‘ತಮಾಷೆಗೆ ಹೇಳಿದ್ದಲ್ಲವೇ, ಇಷ್ಟು ದೊಡ್ಡದು ಮಾಡುತ್ತೀಯಾ’ ಎಂದೇ ಬರುತ್ತದೆ. ಅದನ್ನು ಕೊನೆಯ ಉತ್ತರ ಎಂದುಕೊಳ್ಳಬೇಡಿ. ತಪ್ಪಾಯಿತೆಂದು ತಿಳಿದ ತಕ್ಷಣ ಯಾರೂ ಒಪ್ಪಿಕೊಳ್ಳುವುದಿಲ್ಲ, ಮೊದಲು ತಮ್ಮನ್ನು ಕಾಪಾಡಿಕೊಳ್ಳುತ್ತಾರೆ. ಅವನ ಉದ್ದೇಶ ಏನಿತ್ತು ಎಂಬ ಚರ್ಚೆಗೆ ಇಳಿಯಬೇಡಿ, ಅದು ಅವನೊಬ್ಬನಿಗೆ ಗೊತ್ತಿರುವ ವಿಷಯ. ಒಮ್ಮೆ, ಒಂದೇ ಬಾರಿ, ನಿಮ್ಮ ವಿಷಯವನ್ನು ಇನ್ನೂ ಚಿಕ್ಕದಾಗಿ ಮತ್ತೆ ಹೇಳಿ ಸುಮ್ಮನಾಗಿ. ನೀಲಿ ಗೆರೆ ಬಿದ್ದು ಉತ್ತರ ಬರದಿದ್ದರೆ ಇನ್ನೊಂದು ಸಂದೇಶ ಹಾಕಬೇಡಿ.

ರೇಷ್ಮೆಗೂಡು

ಇದನ್ನು ಕಳಿಸಿದೆ:

‘ಇಲ್ಲಿ ಕನಕಪುರದವರು ಬೇಡ ಎಂದ ವಿಷಯ ಬರೆದೆಯಲ್ಲ, ಅದನ್ನು ಓದಿ ನನಗೆ ನೋವಾಯಿತು. ಹುಳುಗಳ ತಮಾಷೆಗೆ ನನ್ನ ತಕರಾರಿಲ್ಲ. ಆ ಸಂಬಂಧದ ವಿಷಯವನ್ನು ನಿನ್ನೊಬ್ಬನಿಗೆ ಮಾತ್ರ ಹೇಳಿದ್ದೆ, ಅದು ಎಲ್ಲರ ಮುಂದೆ ಬಂದದ್ದು ಕಷ್ಟವಾಯಿತು. ಈ ಸಂದೇಶವನ್ನು ಇವತ್ತೇ ಅಳಿಸು. ಇನ್ನು ಮುಂದೆ ನಾನು ಹೇಳಿದ ಮನೆಯ ವಿಷಯವನ್ನು ಗುಂಪಿಗೆ ತರಬೇಡ. ಭಾನುವಾರ ಬಿಡುವಾದಾಗ ಫೋನ್ ಮಾಡು.’

ಮೂರನೆಯ ಕರಡಿಗಿಂತ ಒಂದು ವಾಕ್ಯ ಹೆಚ್ಚಾಗಿದೆ. ಇನ್ನೂ ನೋಡಿಲ್ಲ.

ಕಾವೇರಿಪಾತ್ರ

ಓದಲು ಸಮಾಧಾನವಾಗಿದೆ, ಒಪ್ಪುತ್ತೇನೆ. ಆದರೂ ‘ಎಲ್ಲರ ಮುಂದೆ ಬಂದದ್ದು’ ಎಂದರೆ ಅದು ತಾನಾಗಿ ನಡೆದುಬಂತೇ? ‘ಎಲ್ಲರ ಮುಂದೆ ತಂದೆ’ ಎಂದು ಬರೆಯಬೇಕಿತ್ತು. ಮಾಡಿದವನ ಹೆಸರನ್ನು ವಾಕ್ಯದಿಂದ ತೆಗೆಯುವುದು ಪ್ರಾಮಾಣಿಕತೆ ಅಲ್ಲ.

ಮಾತುಕತೆ_ಮೈಸೂರು

ಮೊದಲ ವಾಕ್ಯದಲ್ಲಿ ‘ಬರೆದೆಯಲ್ಲ’ ಎಂದಿದ್ದಾರೆ. ಯಾರು ಬರೆದದ್ದು ಎಂಬುದು ಅಲ್ಲಿಯೇ ಸ್ಪಷ್ಟವಾಗಿದೆ. ಎಲ್ಲ ವಾಕ್ಯದಲ್ಲೂ ಬೆರಳು ತೋರಿಸಬೇಕಾಗಿಲ್ಲ. ಆದರೆ ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಆ ಒಂದು ಕಡೆಯೂ ‘ಬರೆದೆ’ ಎಂದು ಇಲ್ಲದಿದ್ದರೆ ನಾನೂ ನಿಮ್ಮ ಮಾತನ್ನೇ ಹೇಳುತ್ತಿದ್ದೆ.

ರೇಷ್ಮೆಗೂಡು

ಮಧ್ಯಾಹ್ನ ಉತ್ತರ ಬಂತು: ‘ಅಯ್ಯೋ, ಸುಮ್ಮನೆ ತಮಾಷೆಗೆ ಹಾಕಿದ್ದು. ನೀನೂ ನಕ್ಕೆಯಲ್ಲ. ಇಷ್ಟಕ್ಕೆಲ್ಲ ಬೇಸರ ಮಾಡಿಕೊಂಡರೆ ಹೇಗೆ?’

ಕೈ ನಡುಗಿತು. ಮೊದಲ ಕರಡು ಇನ್ನೂ ಮೊಬೈಲಿನಲ್ಲಿತ್ತು. ಅದನ್ನು ಕಳಿಸಲಿಲ್ಲ. ಹೀಗೆ ಬರೆದೆ: ‘ನಕ್ಕೆ, ಏಕೆಂದರೆ ಎಲ್ಲರ ಮುಂದೆ ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ತಮಾಷೆ ಎಂದು ಗೊತ್ತು. ಆ ವಿಷಯ ನಿನ್ನೊಬ್ಬನಿಗೆ ಹೇಳಿದ್ದು, ಅದಕ್ಕೆ ಹೇಳುತ್ತಿದ್ದೇನೆ.’ ಗೆರೆ ನೀಲಿಯಾಯಿತು. ಉತ್ತರ ಇಲ್ಲ. ಸೊಪ್ಪು ಹಾಕಲು ಹೋದೆ.

ಹಂಪಿಯವಳು

ಅಷ್ಟು ಬರೆದದ್ದು ಸಾಕು. ‘ನೀನೂ ನಕ್ಕೆಯಲ್ಲ’ ಎಂಬ ಮಾತನ್ನು ನನಗೂ ಹೇಳಿದ್ದರು. ಆಗ ಹೇಳಲು ನನಗೆ ಉತ್ತರ ಸಿಕ್ಕಿರಲಿಲ್ಲ, ನಿಮ್ಮ ಉತ್ತರವನ್ನು ಇಟ್ಟುಕೊಳ್ಳುತ್ತೇನೆ.

ರೇಷ್ಮೆಗೂಡು

ರಾತ್ರಿ ಹತ್ತು ಗಂಟೆಯ ಮೇಲೆ ಸಂದೇಶ ಬಂತು: ‘ಅಳಿಸಿದ್ದೇನೆ. ಅದನ್ನು ನಾನು ಹಾಕಬಾರದಿತ್ತು. ಭಾನುವಾರ ಮಾತನಾಡೋಣ.’ ಕ್ಷಮಿಸು ಎಂಬ ಮಾತಿಲ್ಲ. ಆದರೆ ‘ನಿನಗೆ ಬೇಸರವಾಗಿದ್ದರೆ’ ಎಂಬ ಮಾತೂ ಇಲ್ಲ. ನನಗೆ ಇಷ್ಟು ಸಾಕು ಎನಿಸಿತು.

ಹೊಸ ತೊಂದರೆ ಬೇರೆ ಇದೆ. ಅವನ ಸಂದೇಶ ಹೋಯಿತು, ಆದರೆ ಇನ್ನೊಬ್ಬ ಅದಕ್ಕೆ ಉತ್ತರವಾಗಿ ಬರೆದ ಸಂದೇಶದ ಮೇಲೆ ಆ ಸಾಲುಗಳು ಹಾಗೆಯೇ ಕಾಣುತ್ತಿವೆ. ಇವತ್ತು ಬೆಳಿಗ್ಗೆ ಅವನು ಗುಂಪಿನಲ್ಲಿ ‘ಏನಪ್ಪಾ ಕನಕಪುರದ ಕಥೆ’ ಎಂದು ಕೇಳಿದ್ದಾನೆ. ಅವನು ನನಗೆ ಅಷ್ಟು ಆಪ್ತನೂ ಅಲ್ಲ.

ಕಾವೇರಿಪಾತ್ರ

ನೋಡಿದಿರಾ, ಖಾಸಗಿಯಾಗಿ ಹೇಳಿದರೆ ಹೀಗಾಗುತ್ತದೆ. ಇದನ್ನು ಸರಿಪಡಿಸುವ ಹೊಣೆ ಗೆಳೆಯನದು. ಅವನೇ ಗುಂಪಿನಲ್ಲಿ ‘ಅದನ್ನು ನಾನು ಹಾಕಬಾರದಿತ್ತು, ಈ ಮಾತು ಇಲ್ಲಿಗೇ ನಿಲ್ಲಲಿ’ ಎಂದು ಬರೆಯಲಿ. ನೀವು ಉತ್ತರಿಸಬೇಡಿ.

ಮಾತುಕತೆ_ಮೈಸೂರು

ಗೆಳೆಯನೇ ಬರೆದರೆ ಒಳ್ಳೆಯದು, ಇದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಅವನು ಬರೆಯುವವರೆಗೆ ಪ್ರಶ್ನೆ ಗುಂಪಿನಲ್ಲಿ ತೂಗಾಡುತ್ತಿರುತ್ತದೆ. ಉತ್ತರವಿಲ್ಲದ ಪ್ರಶ್ನೆಗೆ ಇನ್ನೊಬ್ಬರು ಬಂದು ಸೇರುತ್ತಾರೆ. ನಾನಾದರೆ ಇಷ್ಟು ಬರೆಯುತ್ತೇನೆ: ‘ಒಂದು ಸಂಬಂಧ ಬಂದಿತ್ತು, ಆಗಲಿಲ್ಲ. ಅದರ ಮಾತು ಇಲ್ಲಿ ಬೇಡ.’ ನಗುವ ಮುಖವಿಲ್ಲ, ವಿವರವಿಲ್ಲ. ಉತ್ತರವಾಗಿ ಬರೆದಿದ್ದವನಿಗೆ ಬೇರೆಯಾಗಿ, ಅವನ ಆ ಸಂದೇಶವನ್ನೂ ಅಳಿಸುವಂತೆ ಕೇಳಿ. ಕಾರಣ ಹೇಳಬೇಕಾಗಿಲ್ಲ.

ದೋಹಾದಲ್ಲಿರುವವ

ಇಬ್ಬರ ಮಾತನ್ನೂ ಸೇರಿಸಬಹುದಲ್ಲವೇ? ಗೆಳೆಯನಿಗೆ ‘ಅವನು ಕೇಳುತ್ತಿದ್ದಾನೆ, ನೀನು ಉತ್ತರಿಸುತ್ತೀಯಾ, ನಾನು ಉತ್ತರಿಸಲೇ’ ಎಂದು ಕೇಳಿ. ಮಾಡಿದ್ದನ್ನು ಸರಿಪಡಿಸಲು ಅವನಿಗೂ ಒಂದು ಅವಕಾಶ ಸಿಗುತ್ತದೆ.

ರೇಷ್ಮೆಗೂಡು

ಹಾಗೆಯೇ ಕೇಳಿದ್ದೇನೆ. ಸಂಜೆಯೊಳಗೆ ಅವನು ಬರೆಯದಿದ್ದರೆ ಮೇಲಿನ ಎರಡು ವಾಕ್ಯಗಳನ್ನು ನಾನೇ ಹಾಕುತ್ತೇನೆ. ಇನ್ನೊಬ್ಬನಿಗೆ ಬೇರೆಯಾಗಿ ಬರೆದಾಯಿತು, ಅವನು ಏನೂ ಕೇಳದೆ ಅಳಿಸಿದ.

ನೇರನುಡಿಯವರೇ, ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಅಲ್ಲಿಂದ ಬೆಂಗಳೂರಿಗೆ ಹೋಗಿ ಅವನನ್ನು ಕಾಣುತ್ತೇನೆ. ಬೆಟ್ಟದ ತಮಾಷೆಯ ವಿಷಯವನ್ನು ಅಲ್ಲಿಯೇ ಹೇಳುವೆ.

ಅಡಿಕೆತೋಟ

ಹೋಗಿ ಬಾ ತಮ್ಮಾ. ಜಾತಕದ ವಿಷಯ ನಾನು ಇಲ್ಲಿ ಕೇಳಬಾರದಿತ್ತು, ನಿನಗೆ ಬೇಕೆನಿಸಿದರೆ ಬೇರೆಯಾಗಿ ಬರೆ.